ರಾವಣನ ಕಣ್ಣೀರು

ಕಳೆದ ವರ್ಷದ ಸ್ನೇಹಸಮ್ಮೇಳನಕ್ಕೆ ನಾನು ರಾವಣನ ನಾಟಕವೊಂದನ್ನು ಬರೆದುಕೊಟ್ಟಿದ್ದುದು ನಿಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ಅದರ ಮೊದಲ ಪ್ರತಿ ಎಂಥದಿತ್ತೆಂಬುದನ್ನು ಪಾತ್ರಧಾರಿಗಳು ಮಾತ್ರ ಬಲ್ಲರು. ಅದರಲ್ಲಿ ರಾವಣನು ಎರಡು ಪುಟಗಳಷ್ಟು ಅಳುತ್ತಿದ್ದನು; ಎಲ್ಲವೂ ವಿಧಿಯ ಆಟವೆಂದು ಮಂಡೋದರಿ ಸಮಾಧಾನ ಹೇಳುತ್ತಿದ್ದಳು; ಕೊನೆಗೆ ಸೀತೆ ಕ್ಷಮಿಸುತ್ತಿದ್ದಳು. ಬರೆಯುವಾಗ ನನ್ನ ಕಣ್ಣೂ ಒದ್ದೆಯಾಗಿತ್ತು. ತಾಲೀಮಿನ ಮೂರನೆಯ ದಿನ ಸೀತೆಯ ಪಾತ್ರದ ಹುಡುಗಿ, "ಗುರುಗಳೇ, ನಾನೇಕೆ ಕ್ಷಮಿಸಬೇಕು? ನನ್ನನ್ನು ಇನ್ನೂ ಬಿಟ್ಟೇ ಇಲ್ಲವಲ್ಲ!" ಎಂದಳು. ನನಗೆ ಉತ್ತರ ತೋಚಲಿಲ್ಲ.

ನಾಟಕದ ವಸ್ತುವನ್ನು ನಾನು ಎತ್ತಿಕೊಂಡಿದ್ದುದು ನಾಗಚಂದ್ರನ 'ರಾಮಚಂದ್ರಚರಿತಪುರಾಣ'ದಿಂದ. ಆ ರಾತ್ರಿ ಅದನ್ನು ಮತ್ತೆ ತೆರೆದೆ. ಜೈನ ಪರಂಪರೆಯ ಈ ಕಾವ್ಯದಲ್ಲಿ ರಾವಣನು ರಕ್ಕಸನಲ್ಲ, ವಿದ್ಯಾಧರ ಚಕ್ರವರ್ತಿ. ಒಲ್ಲದ ಪರಸ್ತ್ರೀಯನ್ನು ಮುಟ್ಟೆನೆಂದು ವ್ರತ ತೊಟ್ಟವನು. ಅಂಥವನೇ ಸೀತೆಗೆ ಮನಸೋತು ಆಕೆಯನ್ನು ಕದ್ದು ತರುತ್ತಾನೆ. ರಾಮನನ್ನು ಕೊಲ್ಲುವೆನೆಂದು ಅವನು ಬೆದರಿಸಿದಾಗ ಸೀತೆ ಮೂರ್ಛೆ ಹೋಗುತ್ತಾಳೆ. ಅದನ್ನು ಕಂಡೊಡನೆ ಅವನ ಮೋಹ ಕಳಚುತ್ತದೆ. ಒಲಿದವರನ್ನು ಅಗಲಿಸಿದೆನಲ್ಲಾ, ಹಿತ ನುಡಿದ ವಿಭೀಷಣನನ್ನು ಅಟ್ಟಿದೆನಲ್ಲಾ ಎಂದು ನೋಯುತ್ತಾನೆ.

ಇಲ್ಲಿಯವರೆಗೆ ನಾನೂ ಕವಿಯ ಜೊತೆಯಲ್ಲೇ ಇದ್ದೆ. ಆದರೆ ನಾನು ಇಲ್ಲಿ ಅಳು ತುಂಬಿ ಪರದೆ ಇಳಿಸಿದ್ದೆ, ಕವಿ ಇಳಿಸಲಿಲ್ಲ. ಈಗಲೇ ಒಪ್ಪಿಸಿದರೆ ಹೆದರಿದನೆಂದು ಲೋಕ ನಗುವುದು. ರಾಮಲಕ್ಷ್ಮಣರನ್ನು ಯುದ್ಧದಲ್ಲಿ ಸೆರೆಹಿಡಿದು, ಆಮೇಲೆ ಸೀತೆಯನ್ನು ಒಪ್ಪಿಸುವೆನು—ಇದು ಅವನ ಮುಂದಿನ ನಿಶ್ಚಯ. ತಪ್ಪೆಂಬುದು ತಿಳಿದಿದೆ, ತಿದ್ದಿಕೊಳ್ಳುವ ದಾರಿ ತೆರೆದಿದೆ, ತಡೆಯುವವರಾರೂ ಇಲ್ಲ. ಆದರೂ ಮಾನಕ್ಕಾಗಿ ತಡಮಾಡುತ್ತಾನೆ. ಕರಿಹಲಗೆಯ ಮೇಲೆ ತಪ್ಪು ಲೆಕ್ಕ ಬರೆದು, ನಿಮ್ಮೆದುರು ಅಳಿಸಲು ನಾಚಿ ಅದನ್ನೇ ಸಾಧಿಸಿದ್ದು ನನಗೂ ಉಂಟು. ಆದ್ದರಿಂದ ಅವನ ಸಂಕಟ ನನಗೆ ಪರಕೀಯವೇನಲ್ಲ. ಆದರೆ ಆ ತಡದ ಬೆಲೆ ತೆರುವವರು ಯಾರು? ಸೀತೆ ಸೆರೆಯಲ್ಲೇ ಉಳಿಯುತ್ತಾಳೆ, ಎರಡೂ ಕಡೆಯ ಯೋಧರು ರಣಕ್ಕೆ ನಡೆಯುತ್ತಾರೆ. ನನ್ನ ಎರಡು ಪುಟಗಳ ಅಳುವಿನಲ್ಲಿ ಇವರು ಯಾರೂ ಕಾಣುತ್ತಿರಲಿಲ್ಲ.

ಮರುದಿನ ಅಳುವನ್ನು ನಾಲ್ಕು ವಾಕ್ಯಗಳಿಗೆ ಇಳಿಸಿದೆ. ಮಂಡೋದರಿಯ ಮಾತನ್ನು ಹೊಡೆದುಹಾಕಿದೆ. ವಿಧಿಯನ್ನು ದೂರುವುದಾದರೆ ರಾವಣನೇ ದೂರಲಿ, ಇನ್ನೊಬ್ಬರು ಅದಕ್ಕೆ ಸಾಕ್ಷಿ ನುಡಿಯುವುದು ಬೇಡವೆನಿಸಿತು. ಕ್ಷಮೆಯ ಮಾತೂ ಹೋಯಿತು. ರಾವಣನು ತನ್ನ ನಿಶ್ಚಯವನ್ನು ಆಡುವಾಗ ಸೀತೆ ರಂಗದ ಮೇಲೆಯೇ, ಮರದ ಬುಡದಲ್ಲಿ, ಮೂರ್ಛೆ ತಿಳಿದು ಮೆಲ್ಲನೆ ಎದ್ದು ಕೂರಬೇಕೆಂದು ಬರೆದೆ. ಮಾತೇನೂ ಕೊಡಲಿಲ್ಲ. ಹುಡುಗಿ ಓದಿ ನೋಡಿ, "ಈಗ ಸರಿ, ಗುರುಗಳೇ" ಎಂದಳು.

ಪ್ರಯೋಗದ ದಿನ ಮುಂದಿನ ಸಾಲಿನ ಪುಟ್ಟ ಬಾಲಕನೊಬ್ಬನು ರಾವಣನಿಗಾಗಿ ಮೂಗೊರೆಸಿಕೊಳ್ಳುತ್ತಿದ್ದನು. ನಡುವೆಯೇ ತಾಯಿಯ ಸೆರಗು ಜಗ್ಗಿ, "ಆದರೆ ಅವಳನ್ನು ಯಾಕೆ ಬಿಡುವುದಿಲ್ಲ?" ಎಂದು ಗಟ್ಟಿಯಾಗಿ ಕೇಳಿದನು.