ಒಬ್ಬರ ಬುಟ್ಟಿ, ಒಂದು ವಾರದ ತರಕಾರಿ

ಕೊಳಾಲದಲ್ಲಿ ಒಬ್ಬಳೇ ಇರುವ ನನಗೆ ಶಾಲೆಯ ಕೆಲಸದ ನಡುವೆ ತರಕಾರಿ ಕೊಳ್ಳಲು ವಾರಕ್ಕೊಂದೇ ದಿನ ಬಿಡುವು. ಮನೆಯಲ್ಲಿ ಫ್ರಿಜ್ ಇಲ್ಲ. ಹಾಗಾಗಿ ಎಷ್ಟು ತೂಕ ಎನ್ನುವುದಕ್ಕಿಂತ, ಯಾವುದನ್ನು ಯಾವ ದಿನ ಬೇಯಿಸುವುದು ಎಂಬ ಲೆಕ್ಕವೇ ನನಗೆ ಮುಖ್ಯ.

ಟೊಮೆಟೊ ನೋಡಿ. ಗುಡ್ಡೆ ಲೆಕ್ಕದಲ್ಲಿ ಕೊಂಡರೆ ಅಗ್ಗ, ಆದರೆ ಎಲ್ಲವೂ ಒಟ್ಟಿಗೆ ಹಣ್ಣಾಗಿ ಒಟ್ಟಿಗೆ ಕೊಳೆಯುತ್ತವೆ. ಅದಕ್ಕೇ ಆರಿಸಿಕೊಳ್ಳಲು ಬಿಡುವವರ ಬಳಿ ಅರ್ಧ ಕಿಲೋ ತರುತ್ತೇನೆ. ಅದರಲ್ಲಿ ಸುಮಾರು 8 ಬರುತ್ತವೆ. ಮೊದಲ ಎರಡು ದಿನಕ್ಕೆ ಕೆಂಪಾದವು 2, ನಡುವಿನ ದಿನಗಳಿಗೆ ಅರೆಗೆಂಪಿನವು 3, ವಾರದ ಕೊನೆಗೆ ಬಣ್ಣ ತಿರುಗಲಾರಂಭಿಸಿದ ದೋರೆಗಾಯಿ 3. ಇವನ್ನು ಒಂದರ ಮೇಲೊಂದು ಪೇರಿಸದೆ, ನೆರಳಿನಲ್ಲಿ ಅಗಲವಾದ ಬುಟ್ಟಿಯಲ್ಲಿ ಹರಡುತ್ತೇನೆ. ಸಿಪ್ಪೆ ಬಿರಿದದ್ದು, ಒತ್ತಿದರೆ ಮೆತ್ತಗಾದದ್ದು ಕಂಡರೆ ಅಂದೇ ಸಾರಿಗೆ ಹಾಕಬೇಕು. ನೀರು ಸೋರತೊಡಗಿದ ಒಂದು ಹಣ್ಣು ಪಕ್ಕದ್ದನ್ನೂ ಕೆಡಿಸುತ್ತದೆ. ಬೇಸಿಗೆಯಲ್ಲಿ ಹಣ್ಣಾಗುವುದು ಬೇಗ. ಆಗ 6 ಮಾತ್ರ ಸಾಕು.

ಸೊಪ್ಪು ಕಾಯುವುದಿಲ್ಲ. ಒಂದು ಕಟ್ಟು ಒಬ್ಬರಿಗೆ ಹೆಚ್ಚೇ. ಅರ್ಧವನ್ನು ಪಕ್ಕದ ಮನೆಗೆ ಕೊಟ್ಟು, ಉಳಿದದ್ದನ್ನು ಅಂದೇ ಬೇಯಿಸುತ್ತೇನೆ. ಕೊತ್ತಂಬರಿಯ ಮೇಲೆ ವ್ಯಾಪಾರಿ ಚಿಮುಕಿಸಿದ ನೀರೇ ಅದರ ಶತ್ರು. ಕಟ್ಟು ಬಿಚ್ಚಿ, ಹಳದಿ ಎಲೆ ತೆಗೆದು, ಬಟ್ಟೆಯ ಮೇಲೆ ಹರಡಿ ನೀರಾರಿಸಿ, ಬೇರನ್ನು ಮಾತ್ರ ಲೋಟದ ನೀರಿನಲ್ಲಿ ನಿಲ್ಲಿಸುತ್ತೇನೆ. ನೀರನ್ನು ದಿನವೂ ಬದಲಿಸಿದರೆ ಮೂರ್ನಾಲ್ಕು ದಿನ ಹಸಿರಾಗಿರುತ್ತದೆ.

ನಡುವಿನ ದಿನಗಳಿಗೆ ಬೀನ್ಸ್, ಬದನೆ. ಕೊನೆಗೆ ಆಲೂಗಡ್ಡೆ, ಬೀಟ್ರೂಟ್. ಸೋರೆಕಾಯಿ ಹೆಚ್ಚಿದ ಮೇಲೆ ಉಳಿಯದು. ಆದ್ದರಿಂದ ಒಂದು ಹೊತ್ತಿಗೆ ಮುಗಿಯುವಷ್ಟು ಚಿಕ್ಕದು ಸಿಕ್ಕರೆ ಮಾತ್ರ ಕೊಳ್ಳುತ್ತೇನೆ.