ಚುಚ್ಚದ ಸೂಜಿಯ ವರದಿ

ಹಿರಿಯೂರಿನ ಒಂದು ನರ್ಸಿಂಗ್ ಹೋಮಿನಲ್ಲಿ ನರ್ಸ್ ಆಗಿರುವ ನನ್ನ ತಂಗಿಯ ಮಗಳು ಹೊಸದುರ್ಗದ ನಮ್ಮ ಮನೆಗೆ ಬಂದಾಗ ಒಂದು ಹಾಳೆ ಮುಂದಿಟ್ಟಳು. "ಮಾಮೂ, ನೀವು ಕಥೆ ಬರೆಯುವವರು, ಇದನ್ನು ಸ್ವಲ್ಪ ತಿದ್ದಿಕೊಡಿ." ರೋಗಿಯ ಮೈ ಸೇರುವ ಮೊದಲೇ ತಡೆದ ಔಷಧಿಯ ಎಡವಟ್ಟಿನ ವರದಿ ಅದು.

ಹೊಳಲ್ಕೆರೆ ಕಡೆಯ ರೋಗಿಯೊಬ್ಬರಿಗೆ ರಾತ್ರಿ 20 ಯೂನಿಟ್ ಗ್ಲಾರ್ಜಿನ್ ಇನ್ಸುಲಿನ್ ಕೊಡಬೇಕಿತ್ತು. ಮನೆಯವರು ಚಿತ್ರದುರ್ಗದಿಂದ ತಂದಿದ್ದ ಬಾಟಲಿಯಲ್ಲಿ ಒಂದು ಮಿಲಿಲೀಟರಿಗೆ 100 ಯೂನಿಟ್. ಸಿರಿಂಜು ಮಾತ್ರ ಕೆಂಪು ಮುಚ್ಚಳದ್ದು. ಅದರ ಗೆರೆಗಳು ಇರುವುದು ಮಿಲಿಲೀಟರಿಗೆ 40 ಯೂನಿಟ್ ಇರುವ ಬಾಟಲಿಗೆ. ಆ ಸಿರಿಂಜಿನಲ್ಲಿ 20ರ ಗೆರೆ ಎಂದರೆ ಅರ್ಧ ಮಿಲಿಲೀಟರ್. 100ರ ಬಾಟಲಿಯಿಂದ ಅಷ್ಟು ಎಳೆದರೆ 50 ಯೂನಿಟ್ ಆಗುತ್ತದೆ. ಸಕ್ಕರೆ ನಿದ್ದೆಯಲ್ಲೇ ಕುಸಿಯಬಹುದು. ಜೊತೆಗಿದ್ದ ನಮ್ಮ ಹುಡುಗಿ ಬಾಟಲಿಯ ಚೀಟಿಯನ್ನೂ ಸಿರಿಂಜನ್ನೂ ಒಟ್ಟಿಗೆ ನೋಡಿ ತಡೆದಿದ್ದಳು.

ಅವಳು ಬರೆದಿದ್ದ ಮೊದಲ ಸಾಲು: "ಕೆಲಸದ ಒತ್ತಡದಲ್ಲಿ ಸಿಸ್ಟರ್ ಅಜಾಗರೂಕತೆಯಿಂದ ಬೇರೆ ಸಿರಿಂಜ್ ಬಳಸಿದರು." ಅಜಾಗರೂಕತೆಯನ್ನು ನೀನು ಕಂಡೆಯಾ ಎಂದು ಕೇಳಿದೆ. ಅವಳು ಕಂಡದ್ದು ಸಿರಿಂಜನ್ನು. ಒತ್ತಡವೂ ಊಹೆಯೇ, ಆ ಹೊತ್ತಿಗೆ ವಾರ್ಡಿನಲ್ಲಿ ಎಷ್ಟು ರೋಗಿಗಳು, ಎಷ್ಟು ನರ್ಸುಗಳಿದ್ದರು ಎಂದು ಬರೆದರೆ ಅದು ಸಂಗತಿ. ಅವಳು ತಕ್ಷಣ ಇನ್ನೊಂದು ತುದಿಗೆ ಹೋದಳು: "ಇನ್ಸುಲಿನ್ ಎಳೆಯಲಾಯಿತು, ಗಮನಿಸಲಾಯಿತು, ತಿಳಿಸಲಾಯಿತು." ಕಚೇರಿ ಕನ್ನಡದ ಈ 'ಲಾಯಿತು' ಇದೆಯಲ್ಲ, ಅದು ವಾರ್ಡಿನಲ್ಲಿ ಮನುಷ್ಯರನ್ನೇ ಉಳಿಸುವುದಿಲ್ಲ. ಹೆಸರು ಬೇಡ, ಆದರೆ ಯಾವ ಕೆಲಸ ಯಾರ ಕೈಯಿಂದ ಆಯಿತು ಎಂಬುದು ತಿಳಿಯಬೇಕು.

ಸಮಯದ ಜಾಗದಲ್ಲಿ "ಸುಮಾರು ಒಂಬತ್ತು" ಎಂದಿತ್ತು. ಡಾಕ್ಟರಿಗೆ ಫೋನ್ ಮಾಡಿದ ನಿಮಿಷ ಅವಳ ಮೊಬೈಲಿನಲ್ಲೇ ಉಳಿದಿತ್ತು. ಇಂಜೆಕ್ಷನ್ ಕೊಟ್ಟ ಸಮಯ ಚಾರ್ಟಿನಲ್ಲಿತ್ತು. ಗಡಿಯಾರ ನೋಡದ ಎರಡಕ್ಕೆ 'ಅಂದಾಜು' ಎಂದೇ ಬರೆದಳು.

ಕೊನೆಗೆ ಉಳಿದದ್ದು ಇಷ್ಟು: "ರಾತ್ರಿ 9.05 (ಅಂದಾಜು): ಮೊದಲ ನರ್ಸ್ 100 ಯೂನಿಟ್‌ನ ಗ್ಲಾರ್ಜಿನ್ ಬಾಟಲಿಯಿಂದ 40ರ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರು. 9.10 (ಅಂದಾಜು): ಎರಡನೆಯ ನರ್ಸ್ ವ್ಯತ್ಯಾಸ ಕಂಡು ತಡೆದರು. ಇಂಜೆಕ್ಷನ್ ಕೊಟ್ಟಿಲ್ಲ, ಎಳೆದದ್ದನ್ನು ಬಿಸಾಡಿದರು. 9.14: ಎರಡನೆಯ ನರ್ಸ್ ಡ್ಯೂಟಿ ಡಾಕ್ಟರಿಗೆ ತಿಳಿಸಿದರು. 9.25: ಕಿತ್ತಳೆ ಮುಚ್ಚಳದ 100ರ ಸಿರಿಂಜಿನಲ್ಲಿ 20 ಯೂನಿಟ್ ಎಳೆದು, ಇಬ್ಬರೂ ನೋಡಿ, ಕೊಟ್ಟರು. ಎರಡೂ ಬಗೆಯ ಸಿರಿಂಜುಗಳು ಒಂದೇ ಟ್ರೇಯಲ್ಲಿದ್ದವು."

ಟ್ರೇಯ ಈ ಮಾತು ಅವಳ ಮೊದಲ ಬರಹದಲ್ಲಿ ಇರಲೇ ಇಲ್ಲ. ಅಜಾಗರೂಕತೆ ಎಂದು ಬರೆದಿದ್ದರೆ ಆ ಸಿಸ್ಟರಿಗೆ ಬೈಗುಳ ಸಿಗುತ್ತಿತ್ತು, ಟ್ರೇ ಹಾಗೆಯೇ ಇರುತ್ತಿತ್ತು. ಈಗ ಕೆಂಪು ಮತ್ತು ಕಿತ್ತಳೆ ಮುಚ್ಚಳದವು ಬೇರೆ ಬೇರೆ ಡಬ್ಬಿಗಳಲ್ಲಿವೆಯಂತೆ. ರೋಗಿಗಳು ಮನೆಯಿಂದ ತರುವ ಬಾಟಲಿಗಳನ್ನು ಏನು ಮಾಡುವುದು ಎಂದು ಇನ್ನೂ ತೀರ್ಮಾನವಾಗಿಲ್ಲ.