ಗೋಡೆ ಮೇಲೆ ಎರಡು ಗಡಿಯಾರ

ನಮ್ಮನೆ ಅಡುಗೆಮನೆ ಗೋಡೆ ಮೇಲೆ ಈಗ ಎರಡು ಗಡಿಯಾರ ಅವೆ. ಒಂದು ನಮ್ಮ ಟೈಮು, ಇನ್ನೊಂದು ನ್ಯೂಯಾರ್ಕಿಂದು. ಪಕ್ಕದ್ಮನೆಯವರು ಕಾಫಿಪುಡಿ ಕೇಳೋಕೆ ಬಂದಾಗೆಲ್ಲ, "ಇದ್ಯಾಕಕ್ಕ, ಒಂದು ಕೆಟ್ಟೋಗಿದ್ಯಾ?" ಅಂತಾರೆ. ಕೆಟ್ಟಿಲ್ಲ ಕಣ್ರಮ್ಮ. ನಮ್ಮ ಸೊಸೆಗೆ ಕೆಲಸ ಸಿಕ್ಕಿದ ಕತೆ ಅದು. ಒಂದು ಸಲ ದುಡ್ಡು ಕಳ್ಕೊಂಡು, ಇನ್ನೊಂದು ಸಲ ಇಂಟರ್‌ವ್ಯೂನೇ ಕಳ್ಕೊಂಡು ಕಲಿತಿದ್ದು.

ಸೊಸೆ ಬಿ.ಕಾಂ. ಓದಿದಾಳೆ. ಬೆಂಗಳೂರಲ್ಲಿ ಅಕೌಂಟ್ಸ್ ನೋಡ್ತಿದ್ಲು, ಮಗು ಆದ ಮೇಲೆ ಬಿಟ್ಟು ಇಲ್ಲಿಗೆ ಬಂದ್ಲು. ಮಗ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ಫ್ಯಾಕ್ಟರಿ ಕೆಲಸ. ಒಬ್ಬನ ಸಂಬಳ, ಐದು ಹೊಟ್ಟೆ. ಮಗು ಮಲಗಿದ ಮೇಲೆ ಅವಳು ಫೋನ್ ಹಿಡ್ಕೊಂಡು ಮನೆಯಿಂದಲೇ ಮಾಡೋ ಕೆಲಸ ಹುಡುಕೋಳು.

2024ರ ಡಿಸೆಂಬರಲ್ಲಿ ವಾಟ್ಸಾಪಿಗೆ ಒಂದು ಮೆಸೇಜು ಬಂತು. ನ್ಯೂಯಾರ್ಕ್ ಕಂಪನಿಯಂತೆ, ಡೇಟಾ ಎಂಟ್ರಿಯಂತೆ, ದಿನಕ್ಕೆ ಮೂರು ಗಂಟೆ ಕೆಲಸಕ್ಕೆ ತಿಂಗಳಿಗೆ 35 ಸಾವಿರವಂತೆ. ನಾಲ್ಕು ಪ್ರಶ್ನೆ ಟೈಪ್ ಮಾಡಿ ಕೇಳಿದ್ರು, ಅರ್ಧ ಗಂಟೇಲಿ ಸೀಲು ಹಾಕಿದ ಆಫರ್ ಲೆಟರ್ ಕಳಿಸಿದ್ರು. ರಿಜಿಸ್ಟ್ರೇಷನ್ನಿಗೆ ಅಂತ 2,500 ಕೇಳಿದ್ರು. ನಮಗೆ ಹೇಳ್ದೆ ಕಟ್ಟಿಬಿಟ್ಲು. ಮಾರನೇ ದಿನ ಲ್ಯಾಪ್‌ಟಾಪಿಗೆ ಡೆಪಾಸಿಟ್ಟು 12,000 ಅಂದ್ರು. ಆವಾಗ ನನ್ನ ಚೀಟಿ ದುಡ್ಡು ಕೇಳೋಕೆ ಬಂದ್ಲು.

"ಅವರ ಮುಖ ನೋಡಿದ್ಯೇನಮ್ಮ?" ಅಂದೆ.

"ಇಲ್ಲ ಅತ್ತೆ, ಎಲ್ಲಾ ಮೆಸೇಜಲ್ಲೇ."

ಮಗ ನೈಟ್ ಶಿಫ್ಟ್ ಮುಗಿಸ್ಕೊಂಡು ಬಂದು ತಿಂಡಿ ತಿಂತಾ ಇದ್ದ. "ಅವನು ಎಷ್ಟೊತ್ತಿಗೆ ಮೆಸೇಜ್ ಹಾಕ್ತಾನೆ?" ಅಂದ. ಸೊಸೆ ತೆಗೆದು ತೋರಿಸಿದ್ಲು. ಬೆಳಗ್ಗೆ ಹತ್ತೂವರೆ, ಹನ್ನೊಂದು, ಮಧ್ಯಾಹ್ನ ಎರಡು. ಸಾಯಂಕಾಲ ಆರರ ಮೇಲೆ ಒಂದೂ ಇಲ್ಲ. "ನಮಗೆ ಬೆಳಗ್ಗೆ ಹನ್ನೊಂದು ಅಂದ್ರೆ ನ್ಯೂಯಾರ್ಕಲ್ಲಿ ರಾತ್ರಿ ಹನ್ನೆರಡೂವರೆ. ಅವನೂ ನನ್ನಂಗೆ ನೈಟ್ ಶಿಫ್ಟಾ?" ಅಂದ. ಸೊಸೆ ಮುಖ ಸಪ್ಪಗಾಯ್ತು.

ಚೀಟಿ ದುಡ್ಡು ಉಳೀತು. ಆದ್ರೆ ಕಟ್ಟಿದ 2,500 ವಾಪಸ್ ಬರ್ಲಿಲ್ಲ. ಅವಮಾನ ಅಂತ ಅವಳು ಎರಡು ದಿನ ಸುಮ್ನಿದ್ಲು, ಮೂರನೇ ದಿನ 1930ಕ್ಕೆ ಫೋನ್ ಮಾಡಿ cybercrime.gov.in ನಲ್ಲಿ ದೂರು ಹಾಕಿದ್ವಿ. ಅಷ್ಟೊತ್ತಿಗೆ ದುಡ್ಡು ಆ ಖಾತೆ ದಾಟಿ ಹೋಗಿತ್ತು. ಮೋಸ ಅಂತ ಗೊತ್ತಾದ ಗಳಿಗೇಲೇ ಫೋನ್ ಮಾಡ್ಬೇಕು. ದುಡ್ಡು ಇನ್ನೂ ಖಾತೇಲಿದ್ರೆ ತಡೆ ಹಿಡಿಯೋಕೆ ಆಗುತ್ತೆ.

ಗಡಿಯಾರ ಒಂದನ್ನೇ ನಂಬಬೇಡಿ ಮತ್ತೆ. ಹೊರದೇಶದ ಕಂಪನಿಗೆ ಇಲ್ಲೇ ಆಫೀಸಿದ್ರೆ ಹಗಲಲ್ಲೇ ಮೆಸೇಜ್ ಬರುತ್ತೆ, ಕಳ್ಳನೂ ರಾತ್ರಿ ಕೂತು ಬರೀಬಹುದು. ಅದಕ್ಕೇ ಆಮೇಲಿಂದ ಸೊಸೆ ಇನ್ನೂ ಮೂರು ನೋಡೋಳು. ಆ ಕೆಲಸ ಕಂಪನಿಯ ಸ್ವಂತ ವೆಬ್‌ಸೈಟಲ್ಲೂ ಇದೆಯಾ? ವಿಳಾಸ ಅವರು ಕಳಿಸಿದ ಲಿಂಕಿಂದಲ್ಲ, ತಾನೇ ಟೈಪ್ ಮಾಡಿ ಹುಡುಕೋಳು. ಮೇಲ್‌ನಲ್ಲಿ @ ಆದ್ಮೇಲೆ ಬರೋದು ಅದೇ ವೆಬ್‌ಸೈಟಿನ ಹೆಸರಾ? ಒಂದಕ್ಷರ ಹೆಚ್ಚುಕಮ್ಮಿ ಇದ್ರೂ ಬಿಟ್ಬಿಡೋಳು. ಕೊನೇದು, ಕೆಲಸ ಕೊಡೋ ಮುಂಚೆ ಕೆಲಸ ಗೊತ್ತಾ ಅಂತ ಪರೀಕ್ಷೆ ಮಾಡ್ತಾರಾ? ನಿಜವಾದವರು ಲೆಕ್ಕ ಕೊಟ್ಟು ತಾಳೆ ಹಾಕು ಅಂತಾರೆ, ಮುಖ ನೋಡಿ ಮಾತಾಡ್ತಾರೆ. ನಮ್ಮ ಕೈಯಿಂದ ದುಡ್ಡಂತೂ ಕೇಳಲ್ಲ.

ಹಂಗೆ ಜರಡಿ ಹಿಡಿದಾಗ 2025ರ ಫೆಬ್ರವರೀಲಿ ಒಂದು ನಿಜವಾದ್ದು ಸಿಕ್ತು. ಅಮೆರಿಕದ ಪೂರ್ವ ಕಡೆಯ ಸಣ್ಣ ಅಕೌಂಟ್ಸ್ ಆಫೀಸು. ಮೊದಲನೇ ಇಂಟರ್‌ವ್ಯೂ ಅಲ್ಲಿ ಬೆಳಗ್ಗೆ ಹತ್ತಕ್ಕೆ, ನಮಗೆ ರಾತ್ರಿ ಎಂಟೂವರೆಗೆ. ಚೆನ್ನಾಗಾಯ್ತು. ಎರಡನೇದು ಮಾರ್ಚ್ 12, ಬುಧವಾರ, ಮತ್ತೆ "10 AM Eastern" ಅಂತ ಮೇಲ್ ಬಂತು. ನಾನೇ ಕ್ಯಾಲೆಂಡರಲ್ಲಿ ಎಂಟೂವರೆ ಅಂತ ಪೆನ್ನಲ್ಲಿ ಗುಂಡು ಸುತ್ತಿದೆ.

ಬುಧವಾರ ರಾತ್ರಿ ಏಳೂ ಮುಕ್ಕಾಲು. ನಾನು ಅನ್ನಕ್ಕೆ ಕುಕ್ಕರ್ ಇಟ್ಟಿದ್ದೆ, ಅವಳು ಮಗೂಗೆ ತಿನ್ನಿಸ್ತಿದ್ಲು. ಫೋನ್ ಟಿಣ್ ಅಂತು. "ಹದಿನೈದು ನಿಮಿಷದಿಂದ ಕಾಯ್ತಾ ಇದೀವಿ, ಬರ್ತೀರಾ?" ಅಂತ ಮೇಲು. ಕೈಯಲ್ಲಿದ್ದ ತಟ್ಟೆ ಹಂಗೇ ಕೆಳಗಿಟ್ಟು ಓಡಿದ್ಲು. ಅಷ್ಟರಲ್ಲಿ ಅವರು ಹೊರಟುಹೋಗಿದ್ರು.

ನಾವು ಲೆಕ್ಕ ತಪ್ಪಿರ್ಲಿಲ್ಲ, ಅವರ ಗಡಿಯಾರವೇ ಓಡಿತ್ತು! ಅಮೆರಿಕದಲ್ಲಿ ಬಹಳ ಕಡೆ ಮಾರ್ಚ್ ತಿಂಗಳ ಎರಡನೇ ಭಾನುವಾರ ಎಲ್ಲರೂ ಗಡಿಯಾರ ಒಂದು ಗಂಟೆ ಮುಂದಕ್ಕೆ ತಿರುಗಿಸ್ತಾರೆ, ನವೆಂಬರ್ ಮೊದಲನೇ ಭಾನುವಾರ ಹಿಂದಕ್ಕೆ. ಬೇಸಿಗೇಲಿ ಸಾಯಂಕಾಲದ ಬೆಳಕು ಹೆಚ್ಚಾಗಿ ಸಿಗಲಿ ಅಂತ. ಆ ವರ್ಷ ಅದು ಮಾರ್ಚ್ 9. ಅಂದ್ರೆ ನಮ್ಮ ಎರಡು ಇಂಟರ್‌ವ್ಯೂ ಮಧ್ಯೆ. ಚಳಿಗಾಲದಲ್ಲಿ ನಮಗೂ ನ್ಯೂಯಾರ್ಕಿಗೂ ಹತ್ತೂವರೆ ಗಂಟೆ ಅಂತರ, ಬೇಸಿಗೇಲಿ ಒಂಬತ್ತೂವರೆ. ನಮ್ಮಲ್ಲಿ ಗಡಿಯಾರ ಮುಟ್ಟೋದೇ ಇಲ್ಲವಲ್ಲ, ನಮಗೆಲ್ಲಿಂದ ಹೊಳೀಬೇಕು? ಲಂಡನ್ನಿನವರೂ ಬದಲಾಯಿಸ್ತಾರೆ, ಆದ್ರೆ ಮಾರ್ಚ್ ಕೊನೇ ಭಾನುವಾರ. ಒಂದು ದೇಶದ ತಾರೀಕು ಇನ್ನೊಂದಕ್ಕೆ ಆಗಲ್ಲ.

ಆ ರಾತ್ರಿ ಸೊಸೆ ಸುಳ್ಳು ಕಾರಣ ಹೇಳ್ಲಿಲ್ಲ, ಕರೆಂಟ್ ಹೋಯ್ತು ಅನ್ನಲಿಲ್ಲ. ಗಡಿಯಾರ ಬದಲಾಗಿದ್ದು ಗೊತ್ತಿರ್ಲಿಲ್ಲ, ಕ್ಷಮಿಸಿ ಅಂತ ಬರೆದು ಕೆಳಗೆ ಹಿಂಗೆ ಹಾಕಿದ್ಲು:

```
Thursday 13 March, 10:00 AM New York (UTC-4)
= Thursday 13 March, 7:30 PM India (UTC+5:30)
```

ಊರಿನ ಹೆಸರು, ವಾರ, ತಾರೀಕು, ಎರಡೂ ಕಡೆ ಟೈಮು. IST ಅಂತ ಬರೀಲಿಲ್ಲ, ಯಾಕಂದ್ರೆ ಐರ್ಲೆಂಡಿನವರೂ ಇಸ್ರೇಲಿನವರೂ ತಮ್ಮ ಟೈಮಿಗೆ ಅದನ್ನೇ ಬರೀತಾರಂತೆ. ಅವರು ಒಪ್ಪಿದ್ರು, ಇಂಟರ್‌ವ್ಯೂ ಆಯ್ತು. ಆದ್ರೆ ಕೆಲಸ ಬೇರೆಯವರಿಗೆ ಹೋಯ್ತು. ತಡವಾಗಿದ್ದಕ್ಕೋ ಬೇರೆ ಕಾರಣಕ್ಕೋ, ಅವರೇನೂ ಹೇಳ್ಲಿಲ್ಲ. ಕ್ಯಾಲೆಂಡರಿನ ಆ ಗುಂಡು ನೋಡಿದಾಗೆಲ್ಲ ನನಗೆ ಹೊಟ್ಟೆ ಉರಿಯೋದು.

ಆಮೇಲೆ ನಾನೇ ಒಂದು ಸುಲಭದ ಲೆಕ್ಕ ಮಾಡ್ಕೊಂಡೆ. ನ್ಯೂಯಾರ್ಕಿನ ಬೆಳಗ್ಗೇನ ರಾತ್ರಿ ಮಾಡ್ಕೊ, ಚಳಿಗಾಲದಲ್ಲಿ ಒಂದೂವರೆ ಗಂಟೆ ಕಳಿ, ಬೇಸಿಗೇಲಿ ಎರಡೂವರೆ ಕಳಿ. ಹತ್ತು ಎಂಟೂವರೆ ಆಗುತ್ತೆ, ಇಲ್ಲಾಂದ್ರೆ ಏಳೂವರೆ. ಕ್ಯಾಲಿಫೋರ್ನಿಯಾ ಕಡೆಯವರಾದ್ರೆ ಕಳೆಯೋದಲ್ಲ, ಕೂಡೋದು, ಚಳಿಗಾಲಕ್ಕೆ ಒಂದೂವರೆ, ಬೇಸಿಗೆಗೆ ಅರ್ಧ. ಚಳಿಗಾಲದಲ್ಲಿ ಅವರು ಗುರುವಾರ ಬೆಳಗ್ಗೆ ಹನ್ನೊಂದು ಅಂದ್ರೆ ನಮಗೆ ಹನ್ನೆರಡೂವರೆ ರಾತ್ರಿ, ಅಂದ್ರೆ ಶುಕ್ರವಾರ ಹುಟ್ಟಿರುತ್ತೆ. ಪಂಚಾಂಗದಲ್ಲಿ ಸೂರ್ಯ ಹುಟ್ಟಿದ ಮೇಲೇ ವಾರ ಬದಲಾಗೋದು ಅಂತ ಕೂತ್ರೆ ಇಲ್ಲಿ ಒಂದು ದಿನವೇ ತಪ್ಪುತ್ತೆ! ಇಷ್ಟಾದ್ರೂ ಹಿಂದಿನ ರಾತ್ರಿ ಫೋನಿನ ವರ್ಲ್ಡ್ ಕ್ಲಾಕಲ್ಲಿ ಒಂದ್ಸಲ ನೋಡ್ತೀವಿ. ಅವರು ಕ್ಯಾಲೆಂಡರ್ ಇನ್ವೈಟ್ ಕಳಿಸಿದ್ರೆ ಇನ್ನೂ ವಾಸಿ, ನಮ್ಮ ಫೋನಲ್ಲಿ ನಮ್ಮ ಟೈಮೇ ಬರುತ್ತೆ.

ಜೂನಲ್ಲಿ ಇನ್ನೊಂದು ಕಡೆಯಿಂದ ಕರೆ ಬಂತು, ಅದೂ ನ್ಯೂಯಾರ್ಕಿಂದೇ. ಬೆಳಗ್ಗೆ ಒಂಬತ್ತೂವರೆ ಅಂದ್ರು, ನಮಗೆ ರಾತ್ರಿ ಏಳು. ಆವತ್ತು ಆರಕ್ಕೇ ಅಡುಗೆ ಮುಗಿಸಿದೆ, ಕುಕ್ಕರ್ ಕೂಗೋ ಹಂಗಿಲ್ಲ. ಮಗೂನ ನಮ್ಮೆಜಮಾನ್ರು ಹೊರಗೆ ಸುತ್ತಾಡ್ಸೋಕೆ ಕರ್ಕೊಂಡು ಹೋದ್ರು. ಆರೂ ಮುಕ್ಕಾಲಿಗೇ ಸೊಸೆ ಕೂತ್ಲು. ನಾನು ಬಾಗಿಲಾಚೆ ಬೀನ್ಸ್ ಬಿಡಿಸ್ತಾ ಕೂತೆ. ಇಂಗ್ಲಿಷ್ ಪೂರ್ತಿ ಅರ್ಥ ಆಗ್ಲಿಲ್ಲ, ಅವಳ ದನಿ ನಡುಗ್ತಿಲ್ಲ ಅಂತ ಮಾತ್ರ ಗೊತ್ತಾಯ್ತು.

ಈಗ ಸಾಯಂಕಾಲ ಆರೂವರೆಯಿಂದ ಹತ್ತೂವರೆ ತನಕ ಅವಳ ಡ್ಯೂಟಿ, ನವೆಂಬರಿಂದ ಮಾರ್ಚ್ ತನಕ ಒಂದು ಗಂಟೆ ತಡ. ಮೊದಲನೇ ಸಂಬಳದಲ್ಲಿ ನನ್ನ ಕೈಗೆ 2,500 ಇಟ್ಟಳು. "ನಂಗ್ಯಾಕಮ್ಮ, ಅದು ನಿನ್ನ ದುಡ್ಡಲ್ವಾ ಹೋಗಿದ್ದು" ಅಂದೆ. "ಮನೆ ಖರ್ಚಿನ ಡಬ್ಬಿಯಿಂದ ತೆಗೆದಿದ್ದೆ ಅತ್ತೆ, ಹೇಳಿರ್ಲಿಲ್ಲ" ಅಂದ್ಲು.

ಆ ದುಡ್ಡಲ್ಲೇ ಒಂದಿಷ್ಟು ತೆಗೆದು ಎರಡನೇ ಗಡಿಯಾರ ತಂದೆ. ನವೆಂಬರಲ್ಲಿ, ಮಾರ್ಚಲ್ಲಿ ಸ್ಟೂಲ್ ಹತ್ತಿ ಅದರ ಮುಳ್ಳು ತಿರುಗಿಸೋ ಕೆಲಸ ನಂದೇ.